ತಲಾ 8 ಲಕ್ಷ ಮೂರು ಸ್ಟ್ರಾಟಜಿಗೆ ಹಾಕಿದ್ದೇನೆ, ಆದರೂ ಒಂದೇ ಸ್ಟ್ರಾಟಜಿ ನನ್ನನ್ನು ಆಡಿಸುತ್ತಿದೆ

ಸಂಜೆ_ಕಾಫಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಟ್ರೇಡಿಂಗ್ ಹಣ 24 ಲಕ್ಷ. 2024ರ ಜುಲೈನಿಂದ ಮೂರು ಸ್ಟ್ರಾಟಜಿ ಓಡಿಸುತ್ತಿದ್ದೇನೆ. ಮೊದಲನೆಯದು ಮೊಮೆಂಟಮ್: 20 ಷೇರು, ತಿಂಗಳಿಗೊಮ್ಮೆ ಅದಲು ಬದಲು. ಎರಡನೆಯದು ನಿಫ್ಟಿ ವೀಕ್ಲಿ ಸ್ಟ್ರ್ಯಾಂಗಲ್ ಮಾರುವುದು. ಎರಡೂ ಕಡೆ ಸುಮಾರು 2% ದೂರದ ಸ್ಟ್ರೈಕ್, 4 ಲಾಟ್, ರಾತ್ರಿ ಹಿಡಿದಿಟ್ಟುಕೊಳ್ಳುತ್ತೇನೆ. ಮೂರನೆಯದು ಎಂಸಿಎಕ್ಸ್‌ನಲ್ಲಿ ಟ್ರೆಂಡ್ ಫಾಲೋಯಿಂಗ್: ಚಿನ್ನ, ಬೆಳ್ಳಿ, ಕ್ರೂಡ್, ತಾಮ್ರ. ಒಂದಕ್ಕೊಂದು ಸಂಬಂಧ ಇರಬಾರದು ಅಂತಲೇ ಹುಡುಕಿ ಆರಿಸಿದ್ದು. ಕೋರಿಲೇಶನ್ ಲೆಕ್ಕ ಹಾಕಿದೆ: ಮೊಮೆಂಟಮ್ ಮತ್ತು ಸ್ಟ್ರ್ಯಾಂಗಲ್ ನಡುವೆ 0.12, ಉಳಿದ ಜೋಡಿಗಳು ಹೆಚ್ಚೂಕಮ್ಮಿ ಸೊನ್ನೆ.

ತಲಾ 8 ಲಕ್ಷ ಹಂಚಿದೆ. ಸಮಪಾಲು, ತಕರಾರಿಲ್ಲ ಅಂದುಕೊಂಡೆ. ಆದರೆ ತಿಂಗಳ ಕೊನೆಗೆ ಒಟ್ಟು ಲೆಕ್ಕ ನೋಡಿದರೆ ಎಂಸಿಎಕ್ಸ್ ಲಾಭದಲ್ಲಿದ್ದರೆ ಖಾತೆ ಲಾಭದಲ್ಲಿ, ಎಂಸಿಎಕ್ಸ್ ಬಿದ್ದರೆ ಖಾತೆಯೂ ಬಿದ್ದಿರುತ್ತದೆ. ಉಳಿದೆರಡು ಇದ್ದೂ ಇಲ್ಲದ ಹಾಗೆ. ಎಲ್ಲಿ ತಪ್ಪುತ್ತಿದ್ದೇನೆ?

ಕ್ವಾಂಟ್_ಹುಡುಗ

ಇದು ಸಿಂಪಲ್ ಅಣ್ಣ. ಹಣ ಸಮ ಹಂಚಿದ್ದೀರಿ, ರಿಸ್ಕ್ ಸಮ ಹಂಚಿಲ್ಲ. ಪ್ರತಿ ಸ್ಟ್ರಾಟಜಿಯ ದಿನದ ಲಾಭ-ನಷ್ಟದ ಸ್ಟ್ಯಾಂಡರ್ಡ್ ಡಿವಿಯೇಷನ್ ಎಷ್ಟು, ರೂಪಾಯಿಯಲ್ಲಿ ಹಾಕಿ. ಉತ್ತರ ಅಲ್ಲೇ ಸಿಗುತ್ತದೆ.

ಸಂಜೆ_ಕಾಫಿ

ಮೊಮೆಂಟಮ್ ದಿನಕ್ಕೆ ಸುಮಾರು 10,000. ಸ್ಟ್ರ್ಯಾಂಗಲ್ 4,000. ಎಂಸಿಎಕ್ಸ್ 18,000.

ಕ್ವಾಂಟ್_ಹುಡುಗ

ಸರಿ. ಕೋರಿಲೇಶನ್ ಸೊನ್ನೆ ಅಂತ ಹಿಡಿದರೆ ಇವನ್ನು ನೇರವಾಗಿ ಕೂಡಿಸುವ ಹಾಗಿಲ್ಲ, ವರ್ಗ ಮಾಡಿ ಕೂಡಿಸಬೇಕು. ಸಾವಿರದ ಲೆಕ್ಕದಲ್ಲಿ 100, 16, 324. ಒಟ್ಟು 440. ಅದರ ವರ್ಗಮೂಲ ಹತ್ತಿರ ಹತ್ತಿರ 21. ಅಂದರೆ ನಿಮ್ಮ ಖಾತೆ ದಿನಕ್ಕೆ 21,000 ಅತ್ತಿತ್ತ ಓಡಾಡುತ್ತದೆ. ಆ 440ರಲ್ಲಿ 324 ಎಂಸಿಎಕ್ಸ್‌ನದು. ಮುಕ್ಕಾಲು ಪಾಲು ರಿಸ್ಕ್ ಒಂದೇ ಕಡೆ ಕೂತಿದೆ. ಸ್ಟ್ರ್ಯಾಂಗಲ್ ಪಾಲು 4% ಕೂಡ ಇಲ್ಲ. ಇದ್ದೂ ಇಲ್ಲದ ಹಾಗೆ ಅಂದಿರಲ್ಲ, ಸರಿಯಾಗೇ ಹೇಳಿದ್ದೀರಿ.

ಪರಿಹಾರವೂ ಸುಲಭ. ಯಾವುದು ಜಾಸ್ತಿ ಕುಣಿಯುತ್ತದೋ ಅದಕ್ಕೆ ಕಡಿಮೆ ಹಣ. ವೊಲಾಟಿಲಿಟಿಯನ್ನು ತಲೆಕೆಳಗು ಮಾಡಿ ಪಾಲು ಹಾಕಿದರೆ ಮೊಮೆಂಟಮ್‌ಗೆ 5.9 ಲಕ್ಷ, ಸ್ಟ್ರ್ಯಾಂಗಲ್‌ಗೆ 14.8 ಲಕ್ಷ, ಎಂಸಿಎಕ್ಸ್‌ಗೆ 3.3 ಲಕ್ಷ. ಆಗ ಪ್ರತಿಯೊಂದೂ ದಿನಕ್ಕೆ 7,400ರಷ್ಟು ಕುಣಿಯುತ್ತದೆ, ಒಟ್ಟು ಖಾತೆ 12,800. ಪ್ರತಿ 20 ದಿನಕ್ಕೆ ಮತ್ತೆ ಲೆಕ್ಕ ಹಾಕಿ ಹಣ ಹೊಂದಿಸಿ. ಮುಗೀತು.

ಶೈಲಜಾ_ಮೈಸೂರು

ನಾನೂ ಹೀಗೇ ಐದು ಮ್ಯೂಚುವಲ್ ಫಂಡ್ ಇಟ್ಟುಕೊಂಡಿದ್ದೇನೆ. ಒಂದು ಲಾರ್ಜ್ ಕ್ಯಾಪ್, ಎರಡು ಫ್ಲೆಕ್ಸಿ, ಒಂದು ಫೋಕಸ್ಡ್, ಒಂದು ಟ್ಯಾಕ್ಸ್ ಸೇವಿಂಗ್. ಸಮನಾಗಿ ಹಂಚಿದ್ದೇನೆ. ಆದರೂ ಬೀಳುವ ದಿನ ಐದೂ ಕೆಂಪು. ಯಾವ ಫಂಡ್‌ಗೆ ಕಡಿಮೆ ಮಾಡಬೇಕು ಅಂತ ಇದೇ ಲೆಕ್ಕದಿಂದ ತಿಳಿಯುತ್ತಾ?

ಹಳೇಬೇರು

ಮೇಡಂ, ನಿಮ್ಮದು ಬೇರೆ ಸಮಸ್ಯೆ. ಐದೂ ಫಂಡಿನ ಮೊದಲ ಹತ್ತು ಷೇರುಗಳನ್ನು ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದು ನೋಡಿ. ಅದೇ ದೊಡ್ಡ ಬ್ಯಾಂಕುಗಳು, ಅದೇ ಐಟಿ ಕಂಪನಿಗಳು ಸಿಗುತ್ತವೆ. ನಿಮ್ಮ ಹತ್ತಿರ ಇರುವುದು ಐದು ಹೆಸರಿನ ಒಂದೇ ಫಂಡ್. ಪಾಲು ಬದಲಿಸಿದರೆ ಏನೂ ಆಗುವುದಿಲ್ಲ. ಇದಕ್ಕೆ ಬೇರೆ ಎಳೆ ಶುರು ಮಾಡಿ, ಅಲ್ಲಿ ಮಾತಾಡೋಣ.

ಈಗ ಕಾಫಿಯವರ ವಿಷಯ. ಹುಡುಗ ಹೇಳಿದ ಮೊದಲರ್ಧ ಪೂರ್ತಿ ಸರಿ. ಎರಡನೇ ಅರ್ಧ ಕೇಳಿ ನನಗೆ ಹೊಟ್ಟೆ ಕಲಸಿತು. ಸ್ಟ್ರ್ಯಾಂಗಲ್‌ಗೆ 14.8 ಲಕ್ಷ ಹಾಕುವ ಮೊದಲು ಒಂದು ಮಾತಿಗೆ ಉತ್ತರ ಕೊಡಿ. ನಿಮ್ಮ ಡೇಟಾ 2024 ಜುಲೈನಿಂದ ಅಂದಿರಿ. 2025 ಏಪ್ರಿಲ್ 7, ಸೋಮವಾರ, ಸ್ಟ್ರ್ಯಾಂಗಲ್‌ನಲ್ಲಿ ಎಷ್ಟು ಹೋಯಿತು?

ಸಂಜೆ_ಕಾಫಿ

ಆ ವಾರ ತಂಗಿ ಮದುವೆ ಸರ್. ಊರಿಗೆ ಹೋಗಿದ್ದೆ. ಸ್ಟ್ರ್ಯಾಂಗಲ್ ಕೈಯಿಂದ ಹಾಕುವುದು, ಹಾಗಾಗಿ ಗುರುವಾರವೇ ಕ್ಲೋಸ್ ಮಾಡಿ ಹೊಸದು ಹಾಕಲಿಲ್ಲ. ಎಂಸಿಎಕ್ಸ್ ಮಾತ್ರ ಆಟೋ ಆರ್ಡರ್‌ನಲ್ಲಿ ನಡೆಯುತ್ತಿತ್ತು.

ಹಳೇಬೇರು

ಅಂದುಕೊಂಡೆ. ದಿನಕ್ಕೆ 4,000 ಅನ್ನುವ ಅಂಕಿ ನೋಡಿದ ಕೂಡಲೇ ಅನುಮಾನ ಬಂತು.

ಈಗ ಆ ದಿನ ನೀವು ಇದ್ದಿದ್ದರೆ ಏನಾಗುತ್ತಿತ್ತು ಅಂತ ಕೂತು ನೋಡೋಣ. ಏಪ್ರಿಲ್ 4, ಶುಕ್ರವಾರ, ನಿಫ್ಟಿ 22,904ಕ್ಕೆ ಮುಚ್ಚಿತು. ನಿಮ್ಮ ನಿಯಮದ ಪ್ರಕಾರ ಕೆಳಗಿನ ಪುಟ್ 22,450 ಸುಮಾರಿಗೆ ಬರುತ್ತದೆ. ಎರಡೂ ಕಡೆ ಸೇರಿ 100 ಪಾಯಿಂಟ್ ಪ್ರೀಮಿಯಂ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಸೋಮವಾರ ನಿಫ್ಟಿ ತೆರೆದದ್ದೇ 21,758ಕ್ಕೆ. ಟ್ರಂಪ್ ಸುಂಕದ ಗದ್ದಲ, ನೆನಪಿದೆಯಲ್ವಾ. ನಿಮ್ಮ ಪುಟ್ ಆ ಕ್ಷಣಕ್ಕೆ 692 ಪಾಯಿಂಟ್ ಒಳಗೆ. ಸಿಕ್ಕ 100 ಕಳೆದರೆ 592. ಆಗಿನ ಲಾಟ್ 75, ಅಂದರೆ ಲಾಟಿಗೆ 44,400. ಇದು ಬರೀ ಒಳಗಿನ ಬೆಲೆ. ಅವತ್ತು ಇಂಡಿಯಾ ವಿಕ್ಸ್ ಒಂದೇ ದಿನದಲ್ಲಿ 60%ಗೂ ಜಾಸ್ತಿ ಏರಿತ್ತು, ಹಾಗಾಗಿ ನಿಜವಾಗಿ ಕೊಳ್ಳಲು ಹೋದರೆ ಇನ್ನೂ ದುಬಾರಿ.

ನಿಮ್ಮ 4 ಲಾಟಿಗೆ 1,77,600 ರೂಪಾಯಿ. ದಿನಕ್ಕೆ 4,000 ಕುಣಿಯುವ ಸ್ಟ್ರಾಟಜಿ ಒಂದು ಬೆಳಿಗ್ಗೆ 44 ಪಟ್ಟು ಕುಣಿಯಿತು. ಹುಡುಗನ ಮಾತು ಕೇಳಿ 7 ಲಾಟ್ ಮಾಡಿದ್ದರೆ 3,10,800. ಇಡೀ 24 ಲಕ್ಷದ 13% ಹತ್ತಿರ, 9:15ಕ್ಕೆ.

ಆಪ್ಷನ್ ಮಾರುವವರ ದಿನದ ಅಂಕಿ ಯಾವಾಗಲೂ ಸಣ್ಣದಾಗೇ ಕಾಣುತ್ತದೆ. ದಿನಾ ಸ್ವಲ್ಪ ಸ್ವಲ್ಪ ಬರುತ್ತದೆ, ಕೆಟ್ಟ ದಿನ ಅಪರೂಪ. ಕೆಟ್ಟ ದಿನ ಡೇಟಾದಲ್ಲಿ ಇಲ್ಲದಿದ್ದರೆ ವೊಲಾಟಿಲಿಟಿ ಸೂತ್ರ ಅದನ್ನೇ "ಸುರಕ್ಷಿತ" ಅಂದುಕೊಂಡು ಎಲ್ಲಕ್ಕಿಂತ ಜಾಸ್ತಿ ಹಣ ಅಲ್ಲೇ ಸುರಿಯುತ್ತದೆ. ನಿಮ್ಮ ಡೇಟಾ ಶುರುವಾಗಿದ್ದು ಎಲೆಕ್ಷನ್ ಫಲಿತಾಂಶದ 2024 ಜೂನ್ 4 ಆದ ಮುಂದಿನ ತಿಂಗಳು. ಅವತ್ತು ನಿಫ್ಟಿ 1,379 ಪಾಯಿಂಟ್ ಬಿದ್ದಿತ್ತು. ಒಂದನ್ನು ಒಂದೇ ತಿಂಗಳಲ್ಲಿ ತಪ್ಪಿಸಿಕೊಂಡಿದ್ದೀರಿ, ಇನ್ನೊಂದನ್ನು ತಂಗಿ ಮದುವೆ ತಪ್ಪಿಸಿತು.

ಕ್ವಾಂಟ್_ಹುಡುಗ

ಸರ್, ಒಪ್ಪುತ್ತೇನೆ. ಆದರೆ ಅವತ್ತು ಸಂಜೆ ನಿಫ್ಟಿ 22,161ಕ್ಕೆ ಮುಚ್ಚಿತಲ್ವಾ? ಹಿಡಿದುಕೊಂಡಿದ್ದರೆ ನಷ್ಟ ಅರ್ಧಕ್ಕಿಂತ ಕಡಿಮೆ ಆಗುತ್ತಿತ್ತು. ಓಪನ್ ಬೆಲೆಯಲ್ಲೇ ಲೆಕ್ಕ ಹಾಕಿದ್ದು ಸ್ವಲ್ಪ ಅನ್ಯಾಯ.

ಬೆಳಗಾವಿ_ಬುಲ್

ಹಿಡಿದುಕೊಳ್ಳೋಕೆ ಬಿಟ್ಟರೆ ತಾನೇ ಹುಡುಗಾ.

ನನ್ನ ಕಥೆ ಕೇಳಿ. ಷೇರುಗಳನ್ನು ಪ್ಲೆಡ್ಜ್ ಮಾಡಿ ಅದೇ ಮಾರ್ಜಿನ್‌ನಲ್ಲಿ ಆಪ್ಷನ್ ಮಾರುತ್ತಿದ್ದೆ. ಒಂದೇ ಹಣ ಎರಡು ಕಡೆ ದುಡಿಯುತ್ತದೆ ಅಂತ ಖುಷಿ. ಆ ಸೋಮವಾರ ಒಂದು ಕಡೆ ಪ್ಲೆಡ್ಜ್ ಮಾಡಿದ ಷೇರುಗಳ ಬೆಲೆ ಇಳಿದು ಮಾರ್ಜಿನ್ ಕುಗ್ಗಿತು. ಇನ್ನೊಂದು ಕಡೆ ಮಾರಿದ ಪುಟ್‌ಗಳಿಗೆ ಬೇಕಾದ ಮಾರ್ಜಿನ್ ಏರಿತು. ಮಾರ್ಕ್ ಟು ಮಾರ್ಕೆಟ್ ನಷ್ಟ ನಗದಿನಲ್ಲೇ ಕೊಡಬೇಕು, ಷೇರು ತೋರಿಸಿದರೆ ನಡೆಯುವುದಿಲ್ಲ. ಬ್ಯಾಂಕಿನಿಂದ ಹಣ ಹಾಕುವಷ್ಟರಲ್ಲಿ ಬ್ರೋಕರ್ ಕಡೆಯವರು ಪೊಸಿಷನ್ ಕತ್ತರಿಸಿಬಿಟ್ಟಿದ್ದರು. ಬೆಳಗಿನ ಅತಿ ಕೆಟ್ಟ ಬೆಲೆಯಲ್ಲಿ. ಮಧ್ಯಾಹ್ನ ಮಾರ್ಕೆಟ್ ಮೇಲೆ ಬರುತ್ತಿದ್ದದ್ದನ್ನು ಸುಮ್ನೆ ಕೂತು ನೋಡಿದೆ.

ಎರಡು ಸ್ಟ್ರಾಟಜಿ ಬೇರೆ ಬೇರೆ ಅಂದುಕೊಂಡಿದ್ದೆ. ಎರಡನ್ನೂ ಒಂದೇ ಮಾರ್ಜಿನ್‌ಗೆ ಕಟ್ಟಿಹಾಕಿದ್ದು ನಾನೇ.

ಹಳೇಬೇರು

ಇದನ್ನು ಯಾವ ಕೋರಿಲೇಶನ್ ಕೋಷ್ಟಕವೂ ತೋರಿಸುವುದಿಲ್ಲ. ಕಾಫಿಯವರೇ, ನೀವೂ ಮೊಮೆಂಟಮ್ ಷೇರು ಪ್ಲೆಡ್ಜ್ ಮಾಡಿದ್ದೀರಾ?

ಸಂಜೆ_ಕಾಫಿ

ಅರ್ಧದಷ್ಟು ಮಾಡಿದ್ದೇನೆ ಸರ್. 🙈

ತೋಟದಮನೆ

ನಾನು ಟ್ರೇಡರ್ ಅಲ್ಲ, ಶಿರಸಿ ಕಡೆ ತೋಟ. ಮಗ ಈ ಎಳೆ ತೋರಿಸಿದ.

ನಮ್ಮಲ್ಲಿ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತೇವೆ. ಅಡಿಕೆ ದರಕ್ಕೂ ಮೆಣಸಿನ ದರಕ್ಕೂ ಸಂಬಂಧ ಇಲ್ಲ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಆದರೆ ಮಳೆ ಬಿಡದೆ ಹೊಡೆದ ವರ್ಷ ಅಡಿಕೆಗೆ ಕೊಳೆರೋಗ, ಬಳ್ಳಿಗೆ ಸೊರಗು ರೋಗ. ಕೃಷಿ ವಿಜ್ಞಾನಿಗಳನ್ನು ಕೇಳಿದರೆ ಎರಡಕ್ಕೂ ಫೈಟೋಫ್ತೊರಾ ಕುಲದ ರೋಗಾಣುವೇ ಕಾರಣ ಅನ್ನುತ್ತಾರೆ. ಮಂಡಿಯಲ್ಲಿ ಬೇರೆ ಬೇರೆ ಬೆಳೆ, ಮಳೆಗೆ ಎರಡೂ ಒಂದೇ.

ಹಳೇಬೇರು

ನಾನು ಎರಡು ಪ್ಯಾರಾದಲ್ಲಿ ಹೇಳಬೇಕಿದ್ದನ್ನು ಹೇಳಿಬಿಟ್ಟಿರಿ. 🙏

ಮೊಮೆಂಟಮ್ ಮತ್ತು ಸ್ಟ್ರ್ಯಾಂಗಲ್ ನಡುವಿನ 0.12 ಅನ್ನುವುದು ಬಿಸಿಲಿನ ದಿನಗಳ ಅಂಕಿ. ನಿಫ್ಟಿ ಅರ್ಧ ಪರ್ಸೆಂಟ್ ಅತ್ತಿತ್ತ ಹೋಗುವ ದಿನ ಷೇರು ಏರಲಿ ಇಳಿಯಲಿ ಸ್ಟ್ರ್ಯಾಂಗಲ್‌ಗೆ ಲಾಭವೇ, ಹಾಗಾಗಿ ಸಂಬಂಧ ಕಾಣುವುದಿಲ್ಲ. 5% ಬಿದ್ದ ದಿನ ಎರಡೂ ಒಟ್ಟಿಗೆ ಬೀಳುತ್ತವೆ. ಇದನ್ನು ನೀವೇ ನೋಡಬಹುದು. ಮೂರೂ ಸ್ಟ್ರಾಟಜಿಯ ದಿನದ ಲಾಭ-ನಷ್ಟ ರೂಪಾಯಿಯಲ್ಲಿ, ಜೊತೆಗೆ ನಿಫ್ಟಿಯ ದಿನದ ಬದಲಾವಣೆ, ಒಂದು ಸಿಎಸ್‌ವಿ ಫೈಲಿನಲ್ಲಿ ಹಾಕಿ:

```python
import pandas as pd
r = pd.read_csv("pnl.csv", index_col=0, parse_dates=True)
s = ["momo", "strangle", "trend"]
print(r[s].corr().round(2))
bad = r["nifty"].nsmallest(20).index
print(r.loc[bad, s].mean().round())
print(r.loc[bad, s].sum(axis=1).sort_values().head(5))
b = r.loc[bad, s]
red = b[(b < 0).all(axis=1)]
print(len(red), red.sum().sum())
```

ಆ ಕೆಟ್ಟ 20 ದಿನಗಳಿಗೆ ಮತ್ತೆ ಕೋರಿಲೇಶನ್ ತೆಗೆಯಲು ಹೋಗಬೇಡಿ. ಅಷ್ಟು ಕಡಿಮೆ ದಿನ, ಅದೂ ಆರಿಸಿ ತೆಗೆದ ದಿನ, ಅಂಕಿ ಏನು ಬೇಕಾದರೂ ಹೇಳುತ್ತದೆ. ರೂಪಾಯಿ ನೋಡಿ. ಮೂರೂ ಕೆಂಪಾದ ದಿನ ಎಷ್ಟು, ಆ ದಿನಗಳಲ್ಲಿ ಒಟ್ಟು ಎಷ್ಟು ಹೋಯಿತು, ಅಷ್ಟು ಸಾಕು.

ಸಂಜೆ_ಕಾಫಿ

ಓಡಿಸಿದೆ. ಏಪ್ರಿಲ್ 7ಕ್ಕೆ ನೀವು ಹೇಳಿದ ಮೈನಸ್ 1,77,600 ಕೈಯಿಂದ ತುಂಬಿದೆ. ಸ್ಟ್ರ್ಯಾಂಗಲ್‌ನ ಪೂರ್ತಿ ಚಿತ್ರ ಬದಲಾಯಿತು.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಆ ದಿನಗಳಲ್ಲಿ ನನ್ನ ಎಂಸಿಎಕ್ಸ್ ಕೂಡ ಕೆಂಪು! ಚಿನ್ನ, ಬೆಳ್ಳಿ ಎರಡರಲ್ಲೂ ಲಾಂಗ್ ಇದ್ದೆ. ಏಪ್ರಿಲ್ 3, 4ರಂದು ಬೆಳ್ಳಿ ಜೋರಾಗಿ ಬಿದ್ದು ಸ್ಟಾಪ್ ಹೊಡೆಯಿತು. ಮಾರ್ಕೆಟ್ ಬಿದ್ದಾಗ ಟ್ರೆಂಡ್ ಫಾಲೋಯಿಂಗ್ ಕಾಪಾಡುತ್ತದೆ ಅಂತ ಎಲ್ಲಾ ಕಡೆ ಓದಿದ್ದೆ.

ಹಳೇಬೇರು

ನಿಧಾನವಾಗಿ, ತಿಂಗಳುಗಟ್ಟಲೆ ಬಿದ್ದರೆ ಕಾಪಾಡುತ್ತದೆ, ದಿಕ್ಕು ಬದಲಿಸಲು ಟೈಮ್ ಸಿಗುತ್ತದೆ. ಒಂದೇ ರಾತ್ರಿ ಬಿದ್ದರೆ ಅವತ್ತು ನೀವು ಯಾವ ಕಡೆ ಇದ್ದಿರೋ ಅದೇ ಗತಿ. ಎಲ್ಲರಿಗೂ ನಗದು ಬೇಕಾದಾಗ ಲಾಭದಲ್ಲಿರುವ ಬೆಳ್ಳಿಯನ್ನೂ ಮಾರುತ್ತಾರೆ. ಸ್ಟಾಪ್ ಲಾಸ್ ಇದೆ ಅನ್ನುವ ಧೈರ್ಯವೂ ಅಷ್ಟೇ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಅಂತ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚುತ್ತಿತ್ತು. 20ನೇ ತಾರೀಕು ರಾತ್ರಿ ಅಮೆರಿಕದಲ್ಲಿ ಕ್ರೂಡ್ ಸೊನ್ನೆಗಿಂತ ಕೆಳಗೆ ಹೋಯಿತು, ಇಲ್ಲಿನ ಕಾಂಟ್ರ್ಯಾಕ್ಟ್ ಬ್ಯಾರಲ್‌ಗೆ ಮೈನಸ್ 2,884 ರೂಪಾಯಿಗೆ ಸೆಟಲ್ ಆಯಿತು. ಸ್ಟಾಪ್ ಹಾಕಿದ್ದವರ ಆರ್ಡರ್ ಮುಚ್ಚಿದ ಬಾಗಿಲ ಹಿಂದೆ ಕೂತಿತ್ತು.

ಈಗ ಹಂಚಿಕೆಗೆ ಬರೋಣ. ನಾನು ಮಾಡುವ ರೀತಿ ಹೇಳುತ್ತೇನೆ, ಇದೊಂದೇ ದಾರಿ ಅಂತಲ್ಲ.

ಹಣವನ್ನು ಮೊದಲು ಹಂಚುವುದಿಲ್ಲ. ನಷ್ಟವನ್ನು ಹಂಚುತ್ತೇನೆ. ಏಪ್ರಿಲ್ 7ರಂಥ ಬೆಳಿಗ್ಗೆ ಮೂರೂ ಒಟ್ಟಿಗೆ ಕೈಕೊಟ್ಟರೆ ಎಷ್ಟು ಹೋದರೂ ರಾತ್ರಿ ನಿದ್ದೆ ಬರುತ್ತದೆ? ನಿಮಗೆ 6% ಅಂತ ಇಟ್ಟುಕೊಳ್ಳೋಣ. 24 ಲಕ್ಷಕ್ಕೆ 1,44,000. ತಲಾ 48,000. ಇಲ್ಲಿ ಕೋರಿಲೇಶನ್ ಸೊನ್ನೆ ಅನ್ನುವ ರಿಯಾಯಿತಿ ಕೊಡುವುದಿಲ್ಲ, ಮೂರನ್ನೂ ನೇರವಾಗಿ ಕೂಡಿಸುತ್ತೇನೆ. ಆ ರಿಯಾಯಿತಿ ಬೇಡವಾದ ದಿನ ಸಿಗುತ್ತದೆ, ಬೇಕಾದ ದಿನ ಸಿಗುವುದಿಲ್ಲ.

ಮೊಮೆಂಟಮ್: ಅಂಥ ದಿನ 6% ಬೀಳುತ್ತದೆ ಅಂತ ಹಿಡಿದರೆ 48,000ಕ್ಕೆ 8 ಲಕ್ಷ. ಈಗಿರುವಷ್ಟೇ. ಮುಟ್ಟಬೇಡಿ.

ಸ್ಟ್ರ್ಯಾಂಗಲ್: ಲಾಟಿಗೆ 44,400, ಜಾರಿದ ಬೆಲೆ ಸೇರಿಸಿದರೆ 55,000 ಅನ್ನಿ. ಅಂದರೆ ಒಂದು ಲಾಟ್ ಕೂಡ ಹಿಡಿಸುವುದಿಲ್ಲ! 4 ಹಾಕುತ್ತಿದ್ದಿರಿ. ಬೆತ್ತಲೆ ಮಾರುವುದು ಬಿಟ್ಟು ಎರಡೂ ಕಡೆ 300 ಪಾಯಿಂಟ್ ಆಚೆ ಆಪ್ಷನ್ ಕೊಂಡುಬಿಡಿ. ಆಗ ಸಿಗುವ ಪ್ರೀಮಿಯಂ 100ರ ಬದಲು 70 ಇರಬಹುದು. ಆದರೆ ಅತಿ ಹೆಚ್ಚು ನಷ್ಟ 230 ಪಾಯಿಂಟ್, ಲಾಟ್ 75 ಆದರೆ 17,250. ನಿಫ್ಟಿ ಎಲ್ಲಿಗೆ ಬೇಕಾದರೂ ಹೋಗಲಿ, ಅಷ್ಟೇ. 2 ಲಾಟ್ ನೆಮ್ಮದಿಯಾಗಿ ಹಿಡಿಸುತ್ತದೆ, 3 ಅಂದರೆ ಗೆರೆ ಸ್ವಲ್ಪ ದಾಟುತ್ತದೆ. ಮಾರ್ಜಿನ್ ಕೂಡ ಕಮ್ಮಿ ಬೀಳುತ್ತದೆ. ಲಾಟ್ ಸೈಜ್ ಆಗಾಗ ಬದಲಾಗುತ್ತದೆ, ನೀವು ಹಾಕುವ ಹೊತ್ತಿಗೆ ಇರುವುದನ್ನು ಹಾಕಿ ಲೆಕ್ಕ ಮಾಡಿ.

ಎಂಸಿಎಕ್ಸ್: 48,000ವನ್ನು ನಾಲ್ಕು ಸರಕಿಗೆ ಹಂಚಿದರೆ ತಲಾ 12,000. ಕೆಟ್ಟ ದಿನ ಅಂದರೆ ಸಾಮಾನ್ಯ ದಿನದ ಓಟದ ಮೂರು ಪಟ್ಟು ಅಂತ ಹಿಡಿಯುತ್ತೇನೆ. ಕ್ರೂಡ್ ಮಿನಿ 10 ಬ್ಯಾರಲ್. ದಿನದ ಎಟಿಆರ್ 150 ರೂಪಾಯಿ ಇದ್ದರೆ ಲಾಟಿಗೆ 1,500, ಮೂರು ಪಟ್ಟು 4,500. ಎರಡು ಲಾಟ್ ಹಾಕಬಹುದು. ಬೆಳ್ಳಿಯಲ್ಲಿ 5 ಕೆಜಿ ಮಿನಿ ನಿಮಗೆ ದೊಡ್ಡದು, 1 ಕೆಜಿ ಮೈಕ್ರೋಗೆ ಇಳಿಯಿರಿ. ತಾಮ್ರ 2.5 ಟನ್ ಲಾಟ್. ನಿಮ್ಮ ಪಾಲಿಗೆ ಅದು ಕೂರುವುದೇ ಇಲ್ಲ, ಬಿಟ್ಟುಬಿಡಿ. ಸೂತ್ರ 0.4 ಲಾಟ್ ಅಂದರೆ ಸೊನ್ನೆ ಅಂತಲೇ ಅರ್ಥ, ಒಂದು ಅಂತಲ್ಲ. ಸಣ್ಣ ಖಾತೆಯವರು ಜಾಸ್ತಿ ಎಡವುವುದು ಇಲ್ಲೇ.

ಸಂಜೆ_ಕಾಫಿ

ಸರ್, ಆಗ ಹಣ ತುಂಬಾ ಸುಮ್ನೆ ಉಳಿಯುತ್ತದಲ್ವಾ? ಮೊಮೆಂಟಮ್ 8 ಲಕ್ಷ, ಎರಡೂ ಮಾರ್ಜಿನ್ ಸೇರಿ ಹೆಚ್ಚಂದರೆ 5 ಲಕ್ಷ. ಉಳಿದ 11 ಲಕ್ಷ? ಸ್ಟ್ರ್ಯಾಂಗಲ್ ಆದಾಯವೂ ಬಿದ್ದುಹೋಗುತ್ತದೆ. 4 ಲಾಟಿಗೆ 400 ಪಾಯಿಂಟ್ ಬರುತ್ತಿದ್ದದ್ದು 2 ಲಾಟಿಗೆ 140.

ಹಳೇಬೇರು

ಲಿಕ್ವಿಡ್ ಫಂಡ್ ಅಥವಾ ಲಿಕ್ವಿಡ್ ಇಟಿಎಫ್‌ನಲ್ಲಿ ಇಡಿ. ಅದನ್ನು ಪ್ಲೆಡ್ಜ್ ಮಾಡಿದರೆ ನಗದಿಗೆ ಸಮ ಅಂತ ಲೆಕ್ಕಕ್ಕೆ ಬರುತ್ತದೆ, ರಾತ್ರಿ ಹಿಡಿಯುವ ಪೊಸಿಷನ್‌ಗೆ ಮಾರ್ಜಿನ್‌ನ ಅರ್ಧ ನಗದಲ್ಲೇ ಇರಬೇಕು ಅನ್ನುವ ನಿಯಮವೂ ಸರಿಹೋಗುತ್ತದೆ. ಷೇರುಗಳ ಪ್ಲೆಡ್ಜ್ ಬಿಡಿಸಿ. ಬೆಳಗಾವಿಯವರಿಗೆ ಆದದ್ದು ನಿಮಗೆ ಆಗುವುದಿಲ್ಲ. ನಷ್ಟ ತುಂಬಲು ಒಂದಷ್ಟು ಬರೀ ನಗದೂ ಖಾತೆಯಲ್ಲಿರಲಿ.

ಹೋದ ಆ 260 ಪಾಯಿಂಟ್ ನಿಮ್ಮ ಆದಾಯ ಅಂತ ನಾನು ಒಪ್ಪುವುದಿಲ್ಲ. ವಿಮೆ ಕಟ್ಟದೆ ಲಾರಿ ಓಡಿಸಿ ಉಳಿಸಿದ ದುಡ್ಡು ಅದು.

ಕ್ವಾಂಟ್_ಹುಡುಗ

ನನ್ನ 14.8 ಲಕ್ಷ ವಾಪಸ್ ತೆಗೆದುಕೊಂಡೆ. 😅 ಆದರೆ ಎರಡು ತಕರಾರು. ಒಂದು, ಮೂರೂ ಒಂದೇ ದಿನ ಪೂರ್ತಿ ಕೈಕೊಡುತ್ತವೆ ಅಂತ ನೇರವಾಗಿ ಕೂಡಿಸಿದರೆ, ಬೇರೆ ಬೇರೆ ಸ್ಟ್ರಾಟಜಿ ಹುಡುಕಿದ ಶ್ರಮಕ್ಕೆ ಬೆಲೆ ಏನು? ಒಂದೇ ಸ್ಟ್ರಾಟಜಿ ಇಟ್ಟುಕೊಂಡವನಿಗೂ ಇದೇ ಲೆಕ್ಕ ಬರುತ್ತದೆ. ಎರಡು, 6% ಅನ್ನುವುದು ಎಲ್ಲಿಂದ ಬಂತು? ನನ್ನ 20 ದಿನದ ವೊಲಾಟಿಲಿಟಿ ಕನಿಷ್ಠ ಡೇಟಾದಿಂದ ಬಂದ ಅಂಕಿ.

ಹಳೇಬೇರು

ಮೊದಲನೆಯದಕ್ಕೆ: ಲಾಭ ಸಾಮಾನ್ಯ ದಿನಗಳಲ್ಲಿ ಕಾಣುತ್ತದೆ. ವರ್ಷದ 240 ದಿನ ಒಂದು ಕೆಳಗಿದ್ದರೆ ಇನ್ನೊಂದು ಮೇಲಿರುತ್ತದೆ, ಖಾತೆ ಕಡಿಮೆ ಕುಣಿಯುತ್ತದೆ, ಮಧ್ಯದಲ್ಲಿ ಹೆದರಿ ಬಿಟ್ಟುಬಿಡುವುದು ತಪ್ಪುತ್ತದೆ. ಸೈಜ್ ಮಾತ್ರ ಉಳಿದ ದಿನಗಳನ್ನು ನೋಡಿ ಹಾಕುತ್ತೇನೆ.

ಎರಡನೆಯದು ನ್ಯಾಯವಾದ ಪ್ರಶ್ನೆ, 6% ನನ್ನ ಅಂದಾಜೇ. ಆದರೆ 20 ದಿನದ ಕಿಟಕಿ ಇನ್ನೂ ಅಪಾಯ. ಮಾರ್ಕೆಟ್ ತಣ್ಣಗಿರುವಾಗ ಸೈಜ್ ಏರಿಸುತ್ತದೆ, ಪೆಟ್ಟು ಬಿದ್ದ ಮೇಲೆ ಇಳಿಸುತ್ತದೆ. ನಾನು ಒಂದು ವರ್ಷದ ಕಿಟಕಿ ಇಟ್ಟುಕೊಳ್ಳುತ್ತೇನೆ. ಸ್ಟ್ರಾಟಜಿಯ ಇದುವರೆಗಿನ ಸರಾಸರಿಗಿಂತ ಕೆಳಗಿನ ಅಂಕಿ ಬಂದರೆ ಸರಾಸರಿಯನ್ನೇ ಬಳಸುತ್ತೇನೆ. ಪಾಲು ಕಾಲು ಭಾಗಕ್ಕಿಂತ ಹೆಚ್ಚು ಸರಿದರೆ ಮಾತ್ರ ಕೈ ಹಾಕುತ್ತೇನೆ. ಇಲ್ಲದಿದ್ದರೆ ಬ್ರೋಕರೇಜ್, ಎಸ್‌ಟಿಟಿ, ತೆರಿಗೆ ಅಂತ ತಿಂಗಳು ತಿಂಗಳು ಸೋರುತ್ತದೆ.

ಕ್ವಾಂಟ್_ಹುಡುಗ

ಪೂರ್ತಿ ಒಪ್ಪಲಿಲ್ಲ. ಮೊಮೆಂಟಮ್ ಮತ್ತು ಆಪ್ಷನ್ ಎರಡನ್ನೂ ಸೇರಿಸಿ ಒಂದು ಪಾಲು, ಎಂಸಿಎಕ್ಸ್‌ಗೆ ಇನ್ನೊಂದು ಪಾಲು ಅಂತ ಮಾಡಿದರೆ ನಿಮ್ಮ ಭಯವೂ ಅಡಗುತ್ತದೆ, ಎಂಸಿಎಕ್ಸ್‌ಗೆ 72,000 ನಷ್ಟದ ಜಾಗವೂ ಸಿಗುತ್ತದೆ. ಎರಡೂ ರೀತಿ 2018ರಿಂದ ಓಡಿಸಿ ನೋಡಿ ಹಾಕುತ್ತೇನೆ.

ಹಳೇಬೇರು

ಹಾಕಿ. ಅದೂ ತಪ್ಪಲ್ಲ. ಏಪ್ರಿಲ್‌ನಲ್ಲಿ ಬೆಳ್ಳಿಯೂ ಬಿತ್ತು ಅನ್ನುವುದು ಮಾತ್ರ ಮರೆಯಬೇಡಿ. 2018ರಿಂದ ಹೋಗುವಾಗ ಹಳೇ ಲಾಟ್ ಸೈಜ್, ಹಳೇ ಎಕ್ಸ್‌ಪೈರಿ ವಾರ ಎಲ್ಲಾ ಬದಲಾಗಿದೆ, ನೋಡಿಕೊಳ್ಳಿ. ಮೊದಲು ನಿಫ್ಟಿಗೆ ವೀಕ್ಲಿಯೇ ಇರಲಿಲ್ಲ.

ಸಂಜೆ_ಕಾಫಿ

ಪ್ಲೆಡ್ಜ್ ಬಿಡಿಸಲು ಇವತ್ತೇ ರಿಕ್ವೆಸ್ಟ್ ಹಾಕಿದೆ. ಈ ವಾರದ ಸ್ಟ್ರ್ಯಾಂಗಲ್‌ಗೆ ರೆಕ್ಕೆ ಕೊಂಡೆ, 2 ಲಾಟ್. ತಾಮ್ರದಲ್ಲಿ ಈಗ ಲಾಂಗ್ ಇದ್ದೇನೆ, ಲಾಭದಲ್ಲಿದೆ. ಈಗಲೇ ಮುಚ್ಚಲಾ, ಸಿಗ್ನಲ್ ಬರುವವರೆಗೆ ಕಾಯಲಾ?

ಬೆಳಗಾವಿ_ಬುಲ್

ಲಾಭದಲ್ಲಿರೋದನ್ನ ಯಾರಾದರೂ ಮುಚ್ತಾರಾ ಮಾರಾಯಾ.

ಹಳೇಬೇರು

ಇವತ್ತು ಹೊಸದಾಗಿ ತೆಗೆದುಕೊಳ್ಳುತ್ತಿದ್ದಿರಾ ಅಂತ ಯೋಚಿಸಿ. ನಾನಾದರೆ ಮುಚ್ಚುತ್ತಿದ್ದೆ.